ಮೂವತ್ತು ದಿನ ದಾಟಿದ ಮೇಲೆ

ಇನ್‌ಕಂ ಟ್ಯಾಕ್ಸಿನವರ ಆರ್ಡರು ಬಂದ ಮನೆಯಲ್ಲಿ ಎಲ್ಲರೂ ಮೊದಲು ನೋಡುವುದು ಮೊತ್ತವನ್ನು. ನಾನು ಮೊದಲು ಕೇಳುವುದು ತಾರೀಖನ್ನು. ಪಕ್ಕದ ಮನೆ ಮೇಷ್ಟ್ರು ಕಾಂಪೌಂಡಿನ ಆಚೆಯಿಂದ ಕಾಗದದ ಕಟ್ಟೊಂದನ್ನು ಚಾಚಿ, “ವಕೀಲ್ರೇ, ನಮ್ಮಕ್ಕನಿಗೆ ಇಪ್ಪತ್ತು ಲಕ್ಷಕ್ಕೂ ಮೀರಿ ಕಟ್ಟು ಅಂತ ಬಂದಿದೆ. ಬ್ಯಾಂಕಿನ ಖಾತೆಯನ್ನೂ ತಡೆಹಿಡಿದಿದ್ದಾರಂತೆ” ಅಂದಾಗಲೂ ನಾನು ಕೇಳಿದ್ದು, “ಯಾವತ್ತಿನ ಆರ್ಡರು ಮೇಷ್ಟ್ರೇ?” ಅಂತಲೇ.

“ಫೆಬ್ರವರಿ 12, 2024.”

ಅವರು ಕೇಳಿದ್ದು ಜೂನ್ ಕೊನೆಯ ವಾರದಲ್ಲಿ.

ಅಕ್ಕನವರದು ತೀರ್ಥಹಳ್ಳಿ ಕಡೆ ನಾಲ್ಕು ಎಕರೆ ಅಡಿಕೆ ತೋಟ. ಯಜಮಾನರು ತೀರಿಕೊಂಡ ಮೇಲೆ ತೋಟ ನೋಡಿಕೊಂಡಿದ್ದವರು ಅವರೇ. 2018-19ರಲ್ಲಿ ಅವರ ಉಳಿತಾಯ ಖಾತೆಗೆ 14,80,000 ರೂಪಾಯಿ ನಗದು ಜಮೆಯಾಗಿತ್ತು. ಆ ವರ್ಷ ರಿಟರ್ನ್ ಹಾಕಿರಲಿಲ್ಲ. ಅಡಿಕೆಯ ದುಡ್ಡಿಗೆ ತೆರಿಗೆ ಇಲ್ಲ, ಬ್ಯಾಂಕಿನ ಬಡ್ಡಿ 48,000 ರೂಪಾಯಿ ಮಾತ್ರ, ಹಾಗಾಗಿ ಹಾಕಬೇಕಾದ ಪ್ರಮೇಯವೂ ಇರಲಿಲ್ಲ. ಇಲಾಖೆಯ ಕಂಪ್ಯೂಟರಿಗೆ ಕಂಡದ್ದು ನಗದು ಮಾತ್ರ. 148ನೇ ಸೆಕ್ಷನ್ನಿನ ನೋಟಿಸು ಹೋಯಿತು, ಉತ್ತರ ಬರಲಿಲ್ಲ. ಇನ್ನೆರಡು ನೋಟಿಸು ಹೋದವು, ಅದಕ್ಕೂ ಉತ್ತರವಿಲ್ಲ. ಕೊನೆಗೆ 144ರಡಿ ಅಧಿಕಾರಿಯೇ ತನ್ನ ಅಂದಾಜಿನಲ್ಲಿ ಆದೇಶ ಬರೆದು, ಪೂರ್ತಿ 14,80,000ವನ್ನು 69ಎ ಪ್ರಕಾರ ಮೂಲ ಹೇಳದ ಹಣ ಎಂದು ಸೇರಿಸಿದರು. ಅಂಥ ಹಣಕ್ಕೆ 115ಬಿಬಿಇ ಪ್ರಕಾರ ತೆರಿಗೆ 60 ಪರ್ಸೆಂಟು, ಅದರ ಮೇಲೆ 25 ಪರ್ಸೆಂಟು ಸರ್ಚಾರ್ಜು, ಅದರ ಮೇಲೆ 4 ಪರ್ಸೆಂಟು ಸೆಸ್ಸು. ಒಟ್ಟು 78 ಪರ್ಸೆಂಟು. ತೆರಿಗೆಯೇ 11,54,400 ರೂಪಾಯಿ, ಐದು ವರ್ಷದ ಬಡ್ಡಿ ಬೇರೆ.

“ನೋಟಿಸು ಬಂದೇ ಇಲ್ಲ ಅಂತಾಳೆ ನಮ್ಮಕ್ಕ,” ಅಂದರು ಮೇಷ್ಟ್ರು.

ಬಂದಿದ್ದವು, ಅಕ್ಕನಿಗೆ ಅಲ್ಲ. ಯಜಮಾನರು ಇದ್ದಾಗ ಒಂದು ವರ್ಷ ಡಿಪಾಸಿಟ್ಟಿನ ಬಡ್ಡಿಗೆ ಹಿಡಿದ ಟಿಡಿಎಸ್ ವಾಪಸು ಪಡೆಯಲು ಅಕ್ಕನ ಹೆಸರಲ್ಲಿ ರಿಟರ್ನ್ ಹಾಕಿಸಿದ್ದರು. ಆಗ ಪೋರ್ಟಲ್ಲಿನಲ್ಲಿ ನೋಂದಾಯಿಸಿದ ಈಮೇಲೂ ಮೊಬೈಲೂ ರಿಟರ್ನ್ ತುಂಬಿಕೊಟ್ಟವರ ಕಚೇರಿಯವು. ಅವರು ಆ ಕೆಲಸ ಬಿಟ್ಟು ವರ್ಷಗಳಾಗಿದ್ದವು. ಆ ಈಮೇಲ್ ತೆರೆಯುವವರೇ ಇರಲಿಲ್ಲ. ಅಕ್ಕನಿಗೆ ವಿಷಯ ತಿಳಿದದ್ದು ಜೂನ್ 24ರಂದು, ಗೊಬ್ಬರಕ್ಕೆ ದುಡ್ಡು ತೆಗೆಯಲು ಬ್ಯಾಂಕಿಗೆ ಹೋದಾಗ.

ಇಲ್ಲಿ ಮೇಷ್ಟ್ರಿಗೆ ಒಂದು ಮಾತು ಬಿಡಿಸಿ ಹೇಳಬೇಕಾಯಿತು. ನೋಟಿಸು ಸಿಕ್ಕಿಲ್ಲ ಅನ್ನುವುದು ಬೇರೆ, ನೋಟಿಸು ಜಾರಿಯೇ ಆಗಿಲ್ಲ ಅನ್ನುವುದು ಬೇರೆ. ರಿಟರ್ನಿನಲ್ಲಿ ಕೊಟ್ಟ ಈಮೇಲಿಗೆ ಕಳಿಸಿದರೆ ಆಯಕರ ನಿಯಮ 127ರ ಪ್ರಕಾರ ಅದು ಜಾರಿಯಾದ ಹಾಗೆಯೇ. ಹಾಗಾಗಿ ‘ಇಲಾಖೆ ನೋಟಿಸೇ ಕೊಟ್ಟಿಲ್ಲ’ ಎಂದು ಎದೆ ತಟ್ಟಿ ಬರೆದರೆ ಅವರ ದಾಖಲೆ ಎದುರಿಗೆ ಬಂದು ನಿಲ್ಲುತ್ತದೆ. ಆಮೇಲೆ ನಾವು ಹೇಳುವ ನಿಜವನ್ನೂ ನಂಬುವುದಿಲ್ಲ. ‘ಆ ವಿಳಾಸ ನನ್ನ ಕೈಯಲ್ಲಿರಲಿಲ್ಲ, ಆದ್ದರಿಂದ ಉತ್ತರಿಸುವ ನಿಜವಾದ ಅವಕಾಶ ಸಿಗಲಿಲ್ಲ’ ಎನ್ನುವುದು ನಿಲ್ಲುವ ಮಾತು.

ಇನ್ನು ದಿನದ ಲೆಕ್ಕ. ಕಮಿಷನರ್ (ಅಪೀಲ್ಸ್) ಮುಂದೆ ಮೇಲ್ಮನವಿಗೆ 249(2)ರ ಪ್ರಕಾರ 30 ದಿನ. ಡಿಮ್ಯಾಂಡ್ ನೋಟಿಸು ಜಾರಿಯಾದ ದಿನದಿಂದ ಎಣಿಕೆ, ಆದರೆ ಜಾರಿಯಾದ ಆ ದಿನವನ್ನು ಬಿಡಬೇಕು. ಮೇಷ್ಟ್ರು ಕ್ಯಾಲೆಂಡರ್ ತಂದರು. ಫೆಬ್ರವರಿ 13 ಒಂದನೇ ದಿನ. ಆ ವರ್ಷ ಫೆಬ್ರವರಿಗೆ 29 ದಿನ, ಹಾಗಾಗಿ ತಿಂಗಳ ಕೊನೆಗೆ 17. ಮಾರ್ಚ್ 13ಕ್ಕೆ 30 ಮುಗಿಯಿತು. ನಾವು ಅರ್ಜಿ ಹಾಕಿದ್ದು ಜುಲೈ 22ರಂದು. ಮಾರ್ಚ್ 14ರಿಂದ ಎಣಿಸಿದರೆ ಮಾರ್ಚಿನಲ್ಲಿ 18, ಏಪ್ರಿಲ್ 30, ಮೇ 31, ಜೂನ್ 30, ಜುಲೈ 22. ಒಟ್ಟು 131 ದಿನ ತಡ.

“ಅಕ್ಕನಿಗೆ ಗೊತ್ತಾಗಿದ್ದೇ ಜೂನ್ 24ಕ್ಕೆ. ಅಲ್ಲಿಂದ ಲೆಕ್ಕ ಹಾಕಿದರೆ ತಡವೇ ಇಲ್ಲವಲ್ಲ? ಫಾರಮ್ಮಿನಲ್ಲಿ ‘ವಿಳಂಬ ಇಲ್ಲ’ ಅಂತಲೇ ಬರೆದುಬಿಡೋಣ.”

ಮೇಷ್ಟ್ರ ಈ ಮಾತಿನಲ್ಲಿ ಅರ್ಧ ನಿಜವಿದೆ, ಅಪಾಯವೂ ಅಲ್ಲೇ ಇದೆ. ಫಾರಂ 35ರಲ್ಲಿ ವಿಳಂಬವಾಗಿದೆಯೇ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಒತ್ತಿದರೆ ಕಾರಣ ಬರೆಯುವ ಜಾಗವೇ ಖಾಲಿ ಉಳಿಯುತ್ತದೆ. ಕಮಿಷನರ್ ನೋಡುವುದು ಇಲಾಖೆಯ ದಾಖಲೆಯಲ್ಲಿರುವ ಜಾರಿಯ ದಿನಾಂಕವನ್ನು. ಅದರ ಪ್ರಕಾರ ತಡವಾಗಿದೆ, ಮನ್ನಾ ಕೇಳಿಯೂ ಇಲ್ಲ, ಆದ್ದರಿಂದ ವಜಾ ಎಂದು ಎರಡೇ ಸಾಲಿನಲ್ಲಿ ಮುಗಿಸಬಹುದು. ತೋಟ, ಅಡಿಕೆ, ಪಹಣಿ ಯಾವುದನ್ನೂ ಯಾರೂ ತೆರೆದು ನೋಡುವುದಿಲ್ಲ. ಹೀಗೆ ಬಾಗಿಲಲ್ಲೇ ಬಿದ್ದುಹೋದ ಒಳ್ಳೊಳ್ಳೆಯ ಕೇಸುಗಳನ್ನು ಕಂಡು ನನಗೆ ಹೊಟ್ಟೆ ಉರಿದದ್ದುಂಟು. ಅದಕ್ಕೇ ನಾವು ‘ಹೌದು, 131 ದಿನ’ ಎಂದು ಒಪ್ಪಿಕೊಂಡೇ ಬರೆದೆವು. ಅದರ ಕೆಳಗೆ, ಆದೇಶ ತಿಳಿದ ದಿನದಿಂದ ಎಣಿಸಿದರೆ ಅರ್ಜಿ 28ನೇ ದಿನ ಸಲ್ಲಿಕೆಯಾಗಿದೆ, ಅದನ್ನು ಒಪ್ಪದಿದ್ದರೂ 131 ದಿನದ ವಿಳಂಬಕ್ಕೆ ಸಾಕಷ್ಟು ಕಾರಣವಿದೆ, 249(3)ರಡಿ ಮನ್ನಾ ಮಾಡಬೇಕು ಎಂದು ಸೇರಿಸಿದೆವು.

ಮನ್ನಾ ಕೋರಿಕೆಯಲ್ಲಿ ಸಾಮಾನ್ಯವಾಗಿ ಜನ ಬರೆಯುವುದು ಹೀಗೆ: ಅರ್ಜಿದಾರರು ವಯಸ್ಸಾದವರು, ಕಾನೂನು ತಿಳಿಯದವರು, ಅನಾರೋಗ್ಯವಿತ್ತು, ದಯವಿಟ್ಟು ಮನ್ನಿಸಿ. ಇದರಲ್ಲಿ ಒಂದು ತಾರೀಖೂ ಇಲ್ಲ. ಕಮಿಷನರಿಗೆ ಬೇಕಾದದ್ದು ಮಾರ್ಚ್ 13ರ ಒಳಗೆ ಯಾಕೆ ಬರಲಾಗಲಿಲ್ಲ, ಆಮೇಲೆ ಇವತ್ತಿನವರೆಗೆ ಯಾಕೆ ಬರಲಾಗಲಿಲ್ಲ ಎಂಬ ಎರಡು ಉತ್ತರ. ಮೊದಲನೆಯದನ್ನು ಎಲ್ಲರೂ ಚೆನ್ನಾಗಿ ಬರೆಯುತ್ತಾರೆ. ಕೇಸು ಸೊರಗುವುದು ಎರಡನೆಯದರಲ್ಲಿ, ಅದರಲ್ಲೂ ವಿಷಯ ಗೊತ್ತಾದ ಮೇಲಿನ ದಿನಗಳಲ್ಲಿ. ಗೊತ್ತಾದ ಮೇಲೂ ಕೈಕಟ್ಟಿ ಕೂತಿದ್ದರೆ ಅದಕ್ಕೆ ಮುಂಚಿನ ಕಾರಣ ಎಷ್ಟೇ ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ.

ಅದಕ್ಕಾಗಿ ಅಕ್ಕನ ಬಾಯಿಂದಲೇ ಕೇಳಿ ಒಂದು ತಾರೀಖಿನ ಪಟ್ಟಿ ಮಾಡಿದೆವು. ಜೂನ್ 24, ಬ್ಯಾಂಕಿನಲ್ಲಿ ತಿಳಿದದ್ದು. ಜೂನ್ 28, ಆಧಾರ್ ಒಟಿಪಿ ಮೂಲಕ ಪೋರ್ಟಲ್ಲಿನ ಪಾಸ್‌ವರ್ಡ್ ಬದಲಿಸಿ ಆದೇಶವನ್ನು ಮೊದಲ ಸಲ ಇಳಿಸಿಕೊಂಡದ್ದು. ಜುಲೈ 4, ಬ್ಯಾಂಕಿನಿಂದ ಆ ವರ್ಷದ ಸ್ಟೇಟ್‌ಮೆಂಟ್ ಸಿಕ್ಕಿದ್ದು. ಜುಲೈ 15, ಅಡಿಕೆ ಮಂಡಿಯಿಂದ ಹಳೆಯ ಪಟ್ಟಿಗಳ ನಕಲು ಬಂದದ್ದು. ಜುಲೈ 19, ನೋಟರಿ ಮುಂದೆ ಅಫಿಡವಿಟ್. ಪ್ರತಿ ತಾರೀಖಿಗೂ ಒಂದು ಕಾಗದ ಇತ್ತು: ಬ್ಯಾಂಕಿನ ಪತ್ರ, ಪೋರ್ಟಲ್ಲಿನ ಪ್ರೊಫೈಲಿನಲ್ಲಿ ಹಳೆಯ ಈಮೇಲ್ ಇದ್ದದ್ದರ ಪ್ರಿಂಟು, ಪಾಸ್‌ವರ್ಡ್ ಬದಲಾದ ಮೆಸೇಜು. ಪ್ರೊಫೈಲ್ ತಿದ್ದುವ ಮೊದಲೇ ಆ ಪ್ರಿಂಟು ತೆಗೆಯಬೇಕು. ತಿದ್ದಿದ ಮೇಲೆ ಹಳೆಯ ವಿಳಾಸ ಪರದೆಯಿಂದ ಹೋಗಿರುತ್ತದೆ.

ಮೇಷ್ಟ್ರು, “ಅಕ್ಕನಿಗೆ ಏಪ್ರಿಲ್‌ನಲ್ಲಿ ಮಂಡಿನೋವು ಜಾಸ್ತಿಯಾಗಿತ್ತು, ಡಾಕ್ಟರ ಸರ್ಟಿಫಿಕೇಟೂ ಇಡೋಣವಾ?” ಅಂದರು. ನಾನು ಬೇಡವೆಂದೆ. ಆದೇಶವೇ ಗೊತ್ತಿಲ್ಲದ ಏಪ್ರಿಲ್‌ನಲ್ಲಿ ಮಂಡಿನೋವಿಗೂ ವಿಳಂಬಕ್ಕೂ ಏನು ಸಂಬಂಧ? ಇರುವ ಒಂದು ನಿಜವಾದ ಕಾರಣದ ಪಕ್ಕ ಹೊಂದದ ಇನ್ನೊಂದನ್ನು ನಿಲ್ಲಿಸಿದರೆ ಓದುವವರಿಗೆ ಎರಡರ ಮೇಲೂ ಅನುಮಾನ. ಅಫಿಡವಿಟ್ ಎಂದರೆ ಪ್ರಮಾಣ ಮಾಡಿ ಹೇಳುವುದು. ಅಕ್ಕ ಹೇಳಿದ್ದಷ್ಟೇ ಅದರಲ್ಲಿರಬೇಕು.

ಕೋರ್ಟುಗಳು ಈ ವಿಷಯದಲ್ಲಿ ಉದಾರ ಎನ್ನುವ ನಂಬಿಕೆ ಬಹಳ ಜನಕ್ಕಿದೆ. ಅದರ ಬೇರು 1987ರ ಅನಂತನಾಗ್ ಭೂಸ್ವಾಧೀನ ಕಲೆಕ್ಟರ್ ವಿರುದ್ಧ ಕತೀಜಿ ಪ್ರಕರಣದಲ್ಲಿದೆ. ತಾಂತ್ರಿಕತೆಗಿಂತ ನಿಜವಾದ ನ್ಯಾಯ ದೊಡ್ಡದು ಎಂಬ ನೋಟ ಸುಪ್ರೀಂ ಕೋರ್ಟಿನದು. ಎಲ್ಲರೂ ಅದನ್ನೇ ಉಲ್ಲೇಖಿಸುತ್ತಾರೆ, ನಾವೂ ಉಲ್ಲೇಖಿಸಿದೆವು. ಆದರೆ ಅದೇ ಕೋರ್ಟು 2024ರಲ್ಲಿ ಪಾತಪತಿ ಸುಬ್ಬಾರೆಡ್ಡಿ ಪ್ರಕರಣದಲ್ಲಿ, ಕೇಸಿನಲ್ಲಿ ಹುರುಳಿದೆ ಎಂಬ ಒಂದೇ ಕಾರಣಕ್ಕೆ ವಿಳಂಬ ಮನ್ನಾ ಆಗುವುದಿಲ್ಲ, ಸಾಕಷ್ಟು ಕಾರಣ ತೋರಿಸಲೇಬೇಕು ಎಂದಿದೆ. ತೀರ್ಪಿನ ಉಲ್ಲೇಖಕ್ಕಿಂತ ತಾರೀಖಿನ ಪಟ್ಟಿಗೆ ಹೆಚ್ಚು ಬಲ ಎಂದು ನಾನು ಅದಕ್ಕೇ ಹೇಳುವುದು.

ಇಷ್ಟಾದ ಮೇಲೆ ಗ್ರೌಂಡ್ಸ್, ಅಂದರೆ ಮೇಲ್ಮನವಿಯ ಆಧಾರಗಳು. ಅರ್ಜಿ ಇಂಗ್ಲಿಷಿನಲ್ಲಿ ಹೋಗುತ್ತದೆ. ಆದರೂ ಮೊದಲು ಕನ್ನಡದಲ್ಲೇ ಬರೆದುಕೊಂಡೆವು, ಅಕ್ಕ ತಾವು ಸಹಿ ಹಾಕುವುದು ಏನಕ್ಕೆ ಎಂದು ತಿಳಿಯಬೇಕಲ್ಲ. ಫಾರಂ 35ರಲ್ಲಿ ವಾಸ್ತವಾಂಶಕ್ಕೆ 1000 ಪದ, ಒಂದೊಂದು ಗ್ರೌಂಡಿಗೆ 100 ಪದದ ಮಿತಿ. ಮೇಷ್ಟ್ರು ಬರೆದು ತಂದ ಮೊದಲ ಕರಡು ಮೂರು ಪುಟ ಒಂದೇ ಉಸಿರಿನ ಕಥೆ: ಭಾವನವರ ಸಾವು, ಕೊಳೆರೋಗ, ಕೂಲಿ, ಕೊನೆಯಲ್ಲಿ ಇಲಾಖೆಯ ಅನ್ಯಾಯ. ಕಥೆ ನಿಜವೇ. ಆದರೆ ಅದರ ಜಾಗ ವಾಸ್ತವಾಂಶದ ಹೇಳಿಕೆ. ಗ್ರೌಂಡ್ ಎಂದರೆ ಅಧಿಕಾರಿ ಮಾಡಿದ ಒಂದು ತಪ್ಪು, ಒಂದೇ ತಪ್ಪು, ಮೊತ್ತದ ಸಮೇತ. ಕಮಿಷನರ್ ಪ್ರತಿಯೊಂದನ್ನೂ ಒಪ್ಪಿದೆ ಅಥವಾ ಒಪ್ಪಿಲ್ಲ ಎಂದು ಬರೆಯುವಂತಿರಬೇಕು.

ಎಲ್ಲ ಅರ್ಜಿಗಳಲ್ಲೂ ಮೊದಲನೆಯದು ‘ಆದೇಶ ಕಾನೂನಿಗೂ ವಾಸ್ತವಕ್ಕೂ ವಿರುದ್ಧವಾಗಿದೆ’ ಎಂದಿರುತ್ತದೆ. ಇರಲಿ, ಆದರೆ ಅದರಿಂದ ಒಂದು ರೂಪಾಯಿಯೂ ಇಳಿಯುವುದಿಲ್ಲ. ನಮ್ಮ ಎರಡನೆಯದು ಅವಕಾಶದ್ದು: ನೋಟಿಸುಗಳು ಅರ್ಜಿದಾರರ ಹಿಡಿತದಲ್ಲಿಲ್ಲದ ಈಮೇಲಿಗೆ ಹೋದದ್ದರಿಂದ ಉತ್ತರಿಸಲು ಸಾಧ್ಯವಾಗಿಲ್ಲ. ಮೂರನೆಯದೇ ತಿರುಳು. ನಾವು ಬರೆದದ್ದು ಹೀಗೆ: ‘14,80,000 ರೂಪಾಯಿಯಲ್ಲಿ 11,60,000 ರೂಪಾಯಿ ಅರ್ಜಿದಾರರ ಸ್ವಂತ ತೋಟದ 36 ಕ್ವಿಂಟಲ್ ಅಡಿಕೆ ಮಾರಿ ಬಂದ ಹಣ. ಅದು 10(1)ರಡಿ ತೆರಿಗೆಯಿಲ್ಲದ ಕೃಷಿ ಆದಾಯ. ಮೂಲ ಸ್ಪಷ್ಟವಿರುವ ಈ ಹಣವನ್ನು 69ಎ ಅಡಿ ಸೇರಿಸಿದ್ದು ತಪ್ಪು.’

ಆ ಅಂಕಿಯ ಹಿಂದಿನ ಕೆಲಸ ನೋಡಿ. ನಾಲ್ಕು ಎಕರೆಗೆ 36 ಕ್ವಿಂಟಲ್ ಎಂದರೆ ಎಕರೆಗೆ ಒಂಬತ್ತು. ಮಲೆನಾಡಿನ ತೋಟ ಕಂಡವರು ನಂಬುವ ಇಳುವರಿ. ಕ್ವಿಂಟಲಿಗೆ ಸುಮಾರು 32,000. ಮಂಡಿಯ ಪಟ್ಟಿ ಏಳು, ಏಳರಲ್ಲೂ ತೂಕ, ದರ, ತಾರೀಖು ಇದೆ. ಒಂದೂ ಎರಡು ಲಕ್ಷ ಮುಟ್ಟಿರಲಿಲ್ಲ. ಮುಟ್ಟಿದ್ದರೆ ನಗದಾಗಿ ಪಡೆದದ್ದಕ್ಕೆ 269ಎಸ್‌ಟಿ ಎಂಬ ಬೇರೆ ತೊಂದರೆ ಎದ್ದು ನಿಲ್ಲುತ್ತಿತ್ತು. ಪಟ್ಟಿಯ ತಾರೀಖಿನ ಎದುರಿಗೆ ಬ್ಯಾಂಕಿಗೆ ಹಣ ಬಿದ್ದ ತಾರೀಖು ಇಟ್ಟು ಒಂದು ಕೋಷ್ಟಕ ಮಾಡಿದಾಗ ಪ್ರತಿ ಜಮೆಯೂ ಮಾರಾಟದ ಹಿಂದೆಯೇ ಬಂದದ್ದು ಕಾಣಿಸಿತು. ಜಮೆ ಮೊದಲು, ಮಾರಾಟ ಆಮೇಲೆ ಇದ್ದಿದ್ದರೆ ಈ ಗ್ರೌಂಡ್ ಅಲ್ಲೇ ಕುಸಿಯುತ್ತಿತ್ತು.

ಒಂದು ತೊಡಕು ಪಹಣಿಯಲ್ಲಿತ್ತು. ಪಟ್ಟಿ ಅಕ್ಕನ ಹೆಸರಲ್ಲಿ, ಆ ವರ್ಷದ ಪಹಣಿ ಯಜಮಾನರ ಹೆಸರಲ್ಲಿ. ಪೌತಿ ಖಾತೆ ಆಗಿದ್ದು ಆಮೇಲೆ. ಇದನ್ನು ಮುಚ್ಚಿಟ್ಟರೆ ಅಧಿಕಾರಿಯೇ ಹುಡುಕಿ ಕೇಳುತ್ತಾರೆ. ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಪೌತಿ ಖಾತೆಯ ಪಹಣಿ ಮೂರನ್ನೂ ಜೊತೆಗಿಟ್ಟು ವಾಸ್ತವಾಂಶದಲ್ಲಿ ನಾವೇ ಹೇಳಿಬಿಟ್ಟೆವು.

ಉಳಿದ 3,20,000 ರೂಪಾಯಿ ಅಡಿಕೆಯದಲ್ಲ. ಏಪ್ರಿಲ್‌ನಲ್ಲಿ ಮನೆ ರಿಪೇರಿಗೆಂದು ಅದೇ ಖಾತೆಯಿಂದ ತೆಗೆದದ್ದು, ಕೆಲಸ ಆಗದೆ ಆಗಸ್ಟಿನಲ್ಲಿ ವಾಪಸು ಕಟ್ಟಿದ್ದು. “ಇದನ್ನೂ ಅಡಿಕೆಗೇ ಸೇರಿಸಿದರೆ ಒಂದೇ ಮಾತಾಗುತ್ತಲ್ಲ” ಅಂದರು ಮೇಷ್ಟ್ರು. ಆಗ ಪಟ್ಟಿಯ ಮೊತ್ತ ತಾಳೆ ಆಗುವುದಿಲ್ಲ, ತಾಳೆ ಆಗುವ 11,60,000ಕ್ಕೂ ಏಟು ಬೀಳುತ್ತದೆ. ಅದು ನಾಲ್ಕನೆಯ ಗ್ರೌಂಡಾಗಿ ಬೇರೆಯೇ ನಿಂತಿತು. ಐದನೆಯದು ಪರ್ಯಾಯದ್ದು: ಮೇಲಿನ ವಾದಗಳಿಗೆ ಬಾಧಕವಿಲ್ಲದಂತೆ, ಒಂದು ಭಾಗವನ್ನು ಒಪ್ಪದಿದ್ದರೂ ಪೂರ್ತಿ ಮೊತ್ತವನ್ನು 115ಬಿಬಿಇ ದರಕ್ಕೆ ಒಳಪಡಿಸಿದ್ದು ಸರಿಯಲ್ಲ. ಹೀಗೆ ಪರ್ಯಾಯ ಇಟ್ಟರೆ ಮುಖ್ಯ ವಾದ ಬಿಟ್ಟುಕೊಟ್ಟ ಹಾಗೆ ಎಂದು ಕೆಲವರು ಹೆದರುತ್ತಾರೆ. ‘ಬಾಧಕವಿಲ್ಲದಂತೆ’ ಎಂದು ಬರೆಯುವುದೇ ಆ ಹೆದರಿಕೆ ಬೇಡವೆಂದು.

ಆರನೆಯದು ಬಡ್ಡಿ. ಅದನ್ನು ಬಹಳ ಜನ ‘ತೆರಿಗೆ ಹೋದರೆ ಬಡ್ಡಿಯೂ ಹೋಗುತ್ತೆ’ ಎಂದು ಬಿಟ್ಟೇಬಿಡುತ್ತಾರೆ. ಅಕ್ಕನ ವಿಷಯದಲ್ಲಿ ಬಿಡುವಂತಿರಲಿಲ್ಲ. ಆ ವರ್ಷ ಅವರಿಗೆ 60 ದಾಟಿತ್ತು, ವ್ಯಾಪಾರ ಅಥವಾ ವೃತ್ತಿಯ ಆದಾಯ ಇರಲಿಲ್ಲ. ಅಂಥ ಹಿರಿಯ ನಾಗರಿಕರು ಮುಂಗಡ ತೆರಿಗೆ ಕಟ್ಟಬೇಕಿಲ್ಲ ಎಂದು 207(2) ಹೇಳುತ್ತದೆ. ಮುಂಗಡ ತೆರಿಗೆಯೇ ಇಲ್ಲದಿದ್ದರೆ ಅದು ಕಟ್ಟಿಲ್ಲವೆಂದು 234ಬಿ ಬಡ್ಡಿ ಹಾಕುವುದು ಹೇಗೆ?

ಇದೇ 207(2) ಇನ್ನೊಂದು ಕಡೆಯೂ ನಮ್ಮನ್ನು ಕಾಯಿತು. ರಿಟರ್ನ್ ಹಾಕದವರು ಮೇಲ್ಮನವಿ ಹಾಕುವಾಗ ಮುಂಗಡ ತೆರಿಗೆಯಷ್ಟು ಹಣ ಕಟ್ಟಿರಬೇಕು, ಇಲ್ಲವಾದರೆ ಅರ್ಜಿಯನ್ನೇ ಸ್ವೀಕರಿಸುವಂತಿಲ್ಲ ಎನ್ನುತ್ತದೆ 249(4)(ಬಿ). ಫಾರಮ್ಮಿನಲ್ಲಿ ಅದಕ್ಕೊಂದು ಪ್ರಶ್ನೆ ಇದೆ. ಬರಿದೇ ‘ಕಟ್ಟಿಲ್ಲ’ ಎಂದು ಒತ್ತಿ ಮುಂದೆ ಹೋದವರ ಮೇಲ್ಮನವಿ ವಿಳಂಬ ಮನ್ನಾ ಆದರೂ ಈ ಕಲ್ಲಿಗೆ ಎಡವುತ್ತದೆ. ನಾವು ವಾಸ್ತವಾಂಶದಲ್ಲೇ ಮುಂಗಡ ತೆರಿಗೆಯ ಹೊಣೆ ಏಕಿಲ್ಲ ಎಂದು ಬರೆದು, ಹಾಗೊಂದು ವೇಳೆ ಇದೆ ಎಂದಾದರೆ ವಿನಾಯಿತಿ ಕೊಡಬೇಕು ಎಂದು ಬೇರೆ ಕೋರಿಕೆಯನ್ನೂ ಲಗತ್ತಿಸಿದೆವು. ಮೇಲ್ಮನವಿಯ ಶುಲ್ಕ 1000 ರೂಪಾಯಿ. ನಿರ್ಧರಿಸಿದ ಆದಾಯ ಎರಡು ಲಕ್ಷ ದಾಟಿದರೆ ಅಷ್ಟೇ.

ಮಂಡಿ ಪಟ್ಟಿ, ಪಹಣಿ ಯಾವುದೂ ಕೆಳಗಿನ ಅಧಿಕಾರಿಯ ಮುಂದೆ ಹೋಗಿರಲಿಲ್ಲ. ಅಂಥವು ಹೆಚ್ಚುವರಿ ಸಾಕ್ಷ್ಯ, ಅದಕ್ಕೆ ನಿಯಮ 46ಎ ಅಡಿ ಬೇರೆ ಅರ್ಜಿ ಬೇಕು. ಸುಮ್ಮನೆ ಅಪ್‌ಲೋಡ್ ಮಾಡಿದರೆ ಅವನ್ನು ಪರಿಗಣಿಸದೆ ಪಕ್ಕಕ್ಕಿಡಬಹುದು. ಅಲ್ಲಿ ಕೊಡಬೇಕಾದ ಕಾರಣವೂ ಅದೇ ಈಮೇಲ್. ವಿಳಂಬದ ಅಫಿಡವಿಟ್ಟು, ಎರಡನೆಯ ಗ್ರೌಂಡು, 46ಎ ಅರ್ಜಿ ಮೂರೂ ಒಂದೇ ಸಂಗತಿಯನ್ನು ಒಂದೇ ತಾರೀಖುಗಳಲ್ಲಿ ಹೇಳಬೇಕು. ಒಂದರಲ್ಲಿ ಜೂನ್ 24, ಇನ್ನೊಂದರಲ್ಲಿ ‘ಜುಲೈ ಮೊದಲ ವಾರ’ ಎಂದಿದ್ದರೆ ಮುಗಿಯಿತು. ಸಲ್ಲಿಸುವ ಹಿಂದಿನ ರಾತ್ರಿ ನಾವು ಕೂತು ತಾಳೆ ನೋಡಿದ್ದು ಇದನ್ನೇ.

“ಇನ್ನು ಬ್ಯಾಂಕಿನವರು ಖಾತೆ ಬಿಡ್ತಾರಾ?” ಎಂದು ಕೇಳಿದರು ಮೇಷ್ಟ್ರು. ಇಲ್ಲ. ಮೇಲ್ಮನವಿ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ. ತೆರಿಗೆ ಅಧಿಕಾರಿಗೆ 220(6)ರಡಿ ತಡೆ ಕೋರಿ ಬೇರೆ ಅರ್ಜಿ ಕೊಡಬೇಕು. ನೇರ ತೆರಿಗೆ ಮಂಡಳಿಯ 2017ರ ಸೂಚನೆಯಂತೆ ಸಾಮಾನ್ಯವಾಗಿ ಬೇಡಿಕೆಯ 20 ಪರ್ಸೆಂಟು ಕಟ್ಟಿದರೆ ಉಳಿದದ್ದಕ್ಕೆ ತಡೆ ಸಿಗುತ್ತದೆ. ಅಕ್ಕ ಒಡವೆ ಸಾಲ ತೆಗೆದು ಕಟ್ಟಿದರು. ಆ ಕಷ್ಟ ಯಾವ ಗ್ರೌಂಡಿನಲ್ಲೂ ಬರೆಯುವಂಥದ್ದಲ್ಲ.

ಫಲ ಏನಾಯಿತು ಅಂದರೆ, ವಿಳಂಬ ಮನ್ನಾ ಆಯಿತು. ಸಾಕ್ಷ್ಯವನ್ನೂ ಒಳಗೆ ಬಿಟ್ಟರು. ಸೇರಿಸಿದ ಮೊತ್ತವನ್ನು ಅಲ್ಲೇ ತೆಗೆದುಹಾಕುತ್ತಾರೆ ಎಂದು ನಾವು ಆಸೆಪಟ್ಟಿದ್ದೆವು, ಅದಾಗಲಿಲ್ಲ. 144ರಡಿ ಬರೆದ ಆದೇಶವನ್ನು ರದ್ದುಮಾಡಿ ಹೊಸದಾಗಿ ನಿರ್ಧರಿಸಲು ಕೆಳಗೆ ಕಳಿಸುವ ಅಧಿಕಾರ 2024ರ ಅಕ್ಟೋಬರ್ 1ರಿಂದ ಕಮಿಷನರಿಗೆ ಬಂದಿದೆ. ನಮ್ಮ ಕೇಸನ್ನೂ ಹಾಗೇ ಕಳಿಸಿದರು. ಅದೇ ಕೋಷ್ಟಕ, ಅದೇ ಏಳು ಪಟ್ಟಿ ಹಿಡಿದು ಮತ್ತೆ ಅಧಿಕಾರಿಯ ಮುಂದೆ ಹೋಗಬೇಕು, ಆದರೆ ಈ ಸಲ ನೋಟಿಸು ಬರುವುದು ಅಕ್ಕನ ಮಗಳ ಮೊಬೈಲಿಗೆ.

2026ರ ಏಪ್ರಿಲ್ 1ರಿಂದ 2025ರ ಹೊಸ ಆಯಕರ ಕಾಯ್ದೆಯ ಕಾಲ, ಅದರಲ್ಲಿ ಸೆಕ್ಷನ್ ಸಂಖ್ಯೆಗಳು ಬೇರೆ. ಹಳೆಯ ವರ್ಷಗಳ ತಗಾದೆಗೆ ಈ 1961ರ ಕಾಯ್ದೆಯೇ ಆಧಾರ. ಯಾವ ಕಾಯ್ದೆಯೇ ಇರಲಿ, ಇದನ್ನು ಓದಿದವರು ಇವತ್ತೇ ತಮ್ಮ ಮನೆಯ ಹಿರಿಯರ ಪ್ಯಾನ್ ಹಾಕಿ incometax.gov.in ತೆರೆದು, ಪ್ರೊಫೈಲಿನಲ್ಲಿ ಯಾರ ಈಮೇಲ್, ಯಾರ ಮೊಬೈಲ್ ಇದೆ ನೋಡಿ. ನಿಮ್ಮದಲ್ಲದಿದ್ದರೆ ಮೊದಲು ಪ್ರಿಂಟು ತೆಗೆದಿಟ್ಟು, ಆಮೇಲೆ ಬದಲಿಸಿ.